ನಾಯಿ ಕಚ್ಚಿದ ಗಾಯಕ್ಕೆ ಲಸಿಕೆಯೊಂದೇ ಸಾಲದಾಗುವುದು ಯಾವಾಗ?

ನಾಯಿ ಕಚ್ಚಿದರೆ ಲಸಿಕೆ ಹಾಕಿಸಬೇಕು ಎಂಬುದು ಈಗ ಹಳ್ಳಿಯಲ್ಲೂ ಗೊತ್ತಿರುವ ಮಾತು. ಆದರೆ ಲಸಿಕೆ ಹಾಕಿಸಿದ ದಿನವೇ ರಕ್ಷಣೆ ಸಿಗುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸೂಜಿ ಚುಚ್ಚಿದ ಮೇಲೆ ದೇಹ ಸಾಕಷ್ಟು ಪ್ರತಿಕಾಯಗಳನ್ನು ತಯಾರಿಸಲು ಏಳರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ಗಾಯದೊಳಗಿನ ವೈರಸ್ಸನ್ನು ತಡೆಯುವುದು ಎರಡೇ: ಗಾಯ ತೊಳೆದ ನೀರು ಮತ್ತು ಸೋಪು, ಅದರ ಜೊತೆಗೆ ಗಾಯದೊಳಕ್ಕೇ ಚುಚ್ಚುವ ಇಮ್ಯುನೋಗ್ಲೋಬುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಮದ್ದು. ಆಸ್ಪತ್ರೆಯಲ್ಲಿ ಇದನ್ನು ಸೀರಮ್ ಎಂದೋ ಆರ್‌ಐಜಿ ಎಂದೋ ಕರೆಯುತ್ತಾರೆ. ಲಸಿಕೆ ಹಾಕಿಸಿಕೊಂಡೂ ರೇಬೀಸಿನಿಂದ ಸತ್ತವರ ವಿವರ ಕೆದಕಿದರೆ ಹೆಚ್ಚಾಗಿ ಸಿಗುವುದು ಇವೆರಡರಲ್ಲಿ ಒಂದು ತಪ್ಪಿದ್ದು, ಅಥವಾ ತಡವಾಗಿದ್ದು. 2025ರಲ್ಲಿ ಕೇರಳದಲ್ಲಿ ಲಸಿಕೆ ಪಡೆದಿದ್ದ ಮಕ್ಕಳು ರೇಬೀಸಿಗೆ ಬಲಿಯಾದಾಗ ಲಸಿಕೆಯೇ ಕಳಪೆಯಿರಬೇಕು ಎಂಬ ಗುಲ್ಲೆದ್ದಿತು. ಅವರಲ್ಲೊಂದು ಮಗುವಿಗೆ ನಾಯಿ ಕಚ್ಚಿದ್ದು ತಲೆಗೆ. ಅದು ಯಾಕೆ ಮುಖ್ಯ ಎಂದು ತಿಳಿಯಲು ಮೊದಲು ವೈರಸ್ಸಿನ ದಾರಿ ನೋಡಬೇಕು.

ಗಾಯದಿಂದ ಮಿದುಳಿಗೆ

ರೇಬೀಸ್ ವೈರಸ್ ಬೇರೆ ಅನೇಕ ಸೋಂಕುಗಳ ಹಾಗೆ ರಕ್ತದಲ್ಲಿ ಹರಿದು ಹಬ್ಬುವುದಿಲ್ಲ. ನಾಯಿಯ ಜೊಲ್ಲಿನ ಜೊತೆ ಗಾಯಕ್ಕೆ ಇಳಿದ ವೈರಸ್ ಕೆಲವು ಹೊತ್ತು, ಕೆಲವೊಮ್ಮೆ ಬಹಳ ದಿನ, ಅಲ್ಲೇ ಮಾಂಸಖಂಡದ ಕೋಶಗಳ ನಡುವೆ ಉಳಿಯುತ್ತದೆ. ಅಲ್ಲಿಂದ ನರದ ತುದಿಗೆ ಅಂಟಿಕೊಂಡು ಒಳಹೊಗುತ್ತದೆ. ಒಮ್ಮೆ ನರದೊಳಗೆ ಸೇರಿತೆಂದರೆ ನರತಂತುವಿನ ಒಳಗಿನ ಸಾಗಾಟದ ವ್ಯವಸ್ಥೆಯನ್ನೇ ಬಳಸಿಕೊಂಡು ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿನತ್ತ ಏರುತ್ತದೆ. ನರದೊಳಗಿರುವ ವೈರಸ್ಸನ್ನು ರಕ್ತದಲ್ಲಿರುವ ಪ್ರತಿಕಾಯಗಳು ಮುಟ್ಟುವುದು ಬಹಳ ಕಷ್ಟ. ಆದ್ದರಿಂದ ಚಿಕಿತ್ಸೆಗೆ ಸಿಗುವ ಅವಕಾಶವೆಲ್ಲ ವೈರಸ್ ಗಾಯದಲ್ಲಿದ್ದು ನರ ಹೊಗುವ ಮುಂಚಿನದು.

ಆ ಅವಕಾಶ ಎಷ್ಟು ಹೊತ್ತಿನದು ಎಂದು ಯಾರೂ ಖಚಿತವಾಗಿ ಹೇಳಲಾರರು. ಕಚ್ಚಿದಾಗಿನಿಂದ ಲಕ್ಷಣ ಕಾಣಿಸಿಕೊಳ್ಳುವವರೆಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದೇ ವಾರದಲ್ಲಿ ಕಾಣಿಸಿಕೊಂಡದ್ದೂ ಉಂಟು, ವರ್ಷ ಕಳೆದ ಮೇಲೆ ಬಂದದ್ದೂ ಉಂಟು. ಕಾಲಿನ ಮೀನಖಂಡಕ್ಕೆ ಕಚ್ಚಿದರೆ ಮಿದುಳಿಗೆ ದೂರ. ಕೆನ್ನೆ, ತುಟಿ, ತಲೆ, ಕುತ್ತಿಗೆಗೆ ಕಚ್ಚಿದರೆ ದಾರಿ ತೀರಾ ಚಿಕ್ಕದು, ನರದ ತುದಿಗಳೂ ಅಲ್ಲಿ ದಟ್ಟ. ಬೆರಳು ಮತ್ತು ಜನನಾಂಗದ ಭಾಗ ಮಿದುಳಿಗೆ ದೂರವಿದ್ದರೂ ನರತುದಿಗಳು ಹೆಚ್ಚಿರುವುದರಿಂದ ಅಪಾಯದ ಪಟ್ಟಿಯಲ್ಲೇ ಬರುತ್ತವೆ. ಮಕ್ಕಳ ಎತ್ತರ ನಾಯಿಯ ಬಾಯಿಗೆ ಸರಿಸಮ ಇರುವುದರಿಂದ ಅವರಿಗೆ ಮುಖ ಮತ್ತು ತಲೆಯ ಗಾಯ ಹೆಚ್ಚು.

ಈ ಹಂತದಲ್ಲಿ ವೈರಸ್ ಒಳಹೊಕ್ಕಿದೆಯೇ ಇಲ್ಲವೇ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಗಾಯ ಮಾಗುತ್ತದೆ, ಜ್ವರ ಇರುವುದಿಲ್ಲ, ಮನುಷ್ಯ ಆರಾಮಾಗಿ ಓಡಾಡುತ್ತಾನೆ. ಕಚ್ಚಿದ ಜಾಗದಲ್ಲಿ ಜುಮುಗುಡುವಿಕೆ, ತುರಿಕೆ, ಆಮೇಲೆ ನೀರು ಕಂಡರೆ ಗಂಟಲು ಹಿಡಿದುಕೊಳ್ಳುವುದು, ಗಾಳಿ ತಾಗಿದರೆ ಬೆಚ್ಚುವುದು ಶುರುವಾದ ಮೇಲೆ ಲಸಿಕೆಯಾಗಲಿ ಸೀರಮ್ಮಾಗಲಿ ಉಪಯೋಗಕ್ಕೆ ಬರುವುದಿಲ್ಲ. ಲಕ್ಷಣ ಬಂದ ಮೇಲೆ ಬದುಕಿ ಉಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಕಾದು ನೋಡುವ ಆಯ್ಕೆ ಈ ಕಾಯಿಲೆಯಲ್ಲಿ ಇಲ್ಲದಿರುವುದಕ್ಕೆ ಕಾರಣ ಇದು.

ಹದಿನೈದು ನಿಮಿಷ ನಲ್ಲಿಯ ಕೆಳಗೆ

ರೇಬೀಸ್ ವೈರಸ್ಸಿನ ಹೊರಗೆ ಕೊಬ್ಬಿನಂಶದ ಒಂದು ಪೊರೆ ಇದೆ. ಸೋಪು ಆ ಪೊರೆಯನ್ನು ಒಡೆಯುತ್ತದೆ, ಹರಿಯುವ ನೀರು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ. ಇದಕ್ಕೆ ದುಬಾರಿ ಸೋಪು ಬೇಡ, ಬಟ್ಟೆ ಒಗೆಯುವ ಸೋಪಾದರೂ ಸರಿ, ಡಿಟರ್ಜೆಂಟ್ ಪುಡಿಯಾದರೂ ಸರಿ. ಬೇಕಾಗಿರುವುದು ಸಮಯ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯೂ ನಮ್ಮ ರಾಷ್ಟ್ರೀಯ ಮಾರ್ಗಸೂಚಿಯೂ ಹೇಳುವುದು ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡು ತೊಳೆದರೆ ಮಾತ್ರ ಹದಿನೈದು ನಿಮಿಷ ಎಷ್ಟು ದೀರ್ಘ ಎಂದು ತಿಳಿಯುತ್ತದೆ. ಅಂದಾಜಿಗೆ ತೊಳೆಯುವವರು ಎರಡು ಮೂರು ನಿಮಿಷಕ್ಕೇ ನಿಲ್ಲಿಸುತ್ತಾರೆ.

ನಲ್ಲಿಯಿದ್ದರೆ ನಲ್ಲಿಯ ಕೆಳಗೆ, ಇಲ್ಲದಿದ್ದರೆ ಚೊಂಬಿನಿಂದ ಮೇಲಿನಿಂದ ಸುರಿಯುತ್ತ ತೊಳೆಯಬೇಕು. ಬಕೆಟ್ಟಿನಲ್ಲಿ ಕೈ ಅದ್ದಿ ಕೂತರೆ ಪ್ರಯೋಜನವಿಲ್ಲ. ಹಲ್ಲು ಆಳಕ್ಕೆ ಇಳಿದಿದ್ದರೆ ಗಾಯದ ಬಾಯಿಯನ್ನು ಸ್ವಲ್ಪ ಬಿಡಿಸಿ ನೀರು ಒಳಗೆ ಹೋಗುವಂತೆ ಮಾಡಬೇಕು, ಆದರೆ ಬ್ರಷ್ಷಿನಿಂದ ಉಜ್ಜಬಾರದು. ಕಣ್ಣಿಗೆ, ಬಾಯಿಯ ಒಳಗೆ ಜೊಲ್ಲು ಸಿಡಿದಿದ್ದರೆ ಸೋಪು ಬೇಡ, ಶುದ್ಧ ನೀರು ಸಾಕು. ತೊಳೆದಾದ ಮೇಲೆ ಪೊವಿಡೋನ್ ಅಯೋಡಿನ್ ಅಥವಾ ಸ್ಪಿರಿಟ್ ಹಚ್ಚಬೇಕು.

ಅರಿಶಿನ, ಕಾಫಿಪುಡಿ, ಸುಣ್ಣ, ಖಾರದಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ ಇವೆಲ್ಲ ನಮ್ಮ ಮನೆಗಳಲ್ಲಿ ಇನ್ನೂ ಗಾಯಕ್ಕೆ ಬೀಳುತ್ತವೆ. ಇವುಗಳಿಂದ ವೈರಸ್ ಸಾಯುವುದಿಲ್ಲ. ಖಾರ, ಸುಣ್ಣದಂಥವು ಅಂಗಾಂಶವನ್ನು ಸುಡುತ್ತವೆ, ಪುಡಿಗಳು ಗಾಯದ ಬಾಯಿ ಮುಚ್ಚಿಬಿಡುತ್ತವೆ. ಯಾರಾದರೂ ಈಗಾಗಲೇ ಹಚ್ಚಿದ್ದರೆ ಗದರಿಸುತ್ತ ಕೂರದೆ ಅದನ್ನು ತೊಳೆದು ತೆಗೆಯುವುದರಿಂದಲೇ ಶುರುಮಾಡಿದರಾಯಿತು. ಕಚ್ಚಿ ಎರಡು ಮೂರು ಗಂಟೆ ಕಳೆದಿದ್ದರೂ, ಆಸ್ಪತ್ರೆಗೆ ಬಂದ ಮೇಲಾದರೂ, ತೊಳೆಯುವುದನ್ನು ಬಿಡಬಾರದು. ತುರ್ತು ಚಿಕಿತ್ಸೆಯ ಕೊಠಡಿಗಳಲ್ಲಿ ಹತ್ತಿಯಲ್ಲಿ ಒರೆಸಿ ಪಟ್ಟಿ ಕಟ್ಟಿ ಕಳಿಸುವ ರೂಢಿ ಅಲ್ಲಲ್ಲಿ ಇದೆ. ಹಾಗಾದರೆ ರೋಗಿಯ ಕಡೆಯವರೇ ಆಸ್ಪತ್ರೆಯ ನಲ್ಲಿ ಎಲ್ಲಿದೆ ಎಂದು ಕೇಳಿ ಹೋಗಿ ತೊಳೆಯಬೇಕು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಮೂರು ವರ್ಗಗಳು, ಅದರಲ್ಲಿ ಎಡವುವ ಜಾಗ

ಯಾರಿಗೆ ಯಾವ ಚಿಕಿತ್ಸೆ ಎಂದು ನಿರ್ಧರಿಸಲು ವೈದ್ಯರು ಪ್ರಾಣಿಯ ಸಂಪರ್ಕವನ್ನು ಮೂರು ವರ್ಗ ಮಾಡುತ್ತಾರೆ. ಮೊದಲನೇ ವರ್ಗ ಎಂದರೆ ಪ್ರಾಣಿಯನ್ನು ಮುಟ್ಟಿದ್ದು, ಅದಕ್ಕೆ ಊಟ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು. ಇದಕ್ಕೆ ಕೈ ತೊಳೆದರೆ ಸಾಕು, ಲಸಿಕೆ ಬೇಡ. ಎರಡನೇ ವರ್ಗದಲ್ಲಿ ಬರುವುದು ಬಟ್ಟೆಯಿಲ್ಲದ ಚರ್ಮವನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದ್ದು, ರಕ್ತ ಬಾರದ ಸಣ್ಣ ಪರಚು ಮತ್ತು ತರಚು. ಇದಕ್ಕೆ ಗಾಯ ತೊಳೆದು ಲಸಿಕೆ. ಚರ್ಮ ತೂತಾಗಿ ರಕ್ತ ಬಂದ ಕಡಿತ ಅಥವಾ ಪರಚು, ಮೊದಲೇ ಇದ್ದ ಗಾಯದ ಮೇಲೆ ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದು ಮೂರನೇ ವರ್ಗ. ಇದಕ್ಕೆ ತೊಳೆಯುವುದು, ಲಸಿಕೆ, ಸೀರಮ್ ಮೂರೂ ಬೇಕು.

ಎಡವುವುದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಗಾಯ ಚಿಕ್ಕದು ಎಂಬ ಕಾರಣಕ್ಕೆ ಎರಡನೇ ವರ್ಗ ಎಂದು ಬರೆದುಬಿಡುತ್ತಾರೆ. ಗಾಯದ ಗಾತ್ರ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಕೇಳಬೇಕಾದ ಪ್ರಶ್ನೆ ಚರ್ಮ ಪೂರ್ತಿ ಹರಿದಿದೆಯೇ, ರಕ್ತ ಬಂದಿದೆಯೇ ಎಂಬುದು. ನಾಯಿಮರಿಯ ಹಲ್ಲು ಸೂಜಿಯ ಹಾಗಿರುತ್ತದೆ, ಮಾಡುವ ತೂತು ಕಣ್ಣಿಗೆ ಬೀಳದಷ್ಟು ಸಣ್ಣದು, ಅಲ್ಲಿ ಬಂದ ಒಂದು ಹನಿ ರಕ್ತ ಆಗಲೇ ಒಣಗಿರುತ್ತದೆ. ಅದೂ ಮೂರನೇ ವರ್ಗವೇ. ಮರಿ ಅಲ್ಲವೇ, ಅದಕ್ಕೆಲ್ಲಿ ಹುಚ್ಚು ಎನ್ನುವ ಮಾತು ಜೀವ ತೆಗೆದಿದೆ. 2025ರಲ್ಲಿ ಉತ್ತರ ಪ್ರದೇಶದ ಯುವ ಕಬಡ್ಡಿ ಆಟಗಾರನೊಬ್ಬ ಚರಂಡಿಯಿಂದ ಎತ್ತಿ ಕಾಪಾಡಿದ ಮರಿಯೊಂದು ಕಚ್ಚಿದ್ದನ್ನು ಸಣ್ಣ ಗಾಯವೆಂದು ಬಿಟ್ಟು, ಲಸಿಕೆ ಪಡೆಯದೆ ತೀರಿಕೊಂಡ ಸುದ್ದಿ ದೇಶವೆಲ್ಲ ಹರಡಿತ್ತು.

ಚರ್ಮ ಹರಿದಿದೆಯೋ ಇಲ್ಲವೋ ಎಂಬ ಅನುಮಾನವಿದ್ದಾಗ ಸ್ಪಿರಿಟ್ ಹಚ್ಚಿ ನೋಡುವ ಪದ್ಧತಿ ವೈದ್ಯರಲ್ಲಿದೆ. ಉರಿದರೆ ಚರ್ಮ ಒಡೆದಿದೆ ಎಂದರ್ಥ. ಪರಚಿದ್ದಕ್ಕೆಲ್ಲ ಲಸಿಕೆ ಯಾಕೆ ಎಂದು ಕೇಳುವವರಿದ್ದಾರೆ. ನಾಯಿ, ಬೆಕ್ಕು ತಮ್ಮ ಪಂಜವನ್ನು ನೆಕ್ಕಿಕೊಳ್ಳುತ್ತಲೇ ಇರುತ್ತವೆ, ಉಗುರಿನಲ್ಲಿ ಜೊಲ್ಲು ಇದ್ದೇ ಇರುತ್ತದೆ. ಪ್ಯಾಂಟಿನ ಮೇಲಿಂದ ಕಚ್ಚಿದೆ, ಬಟ್ಟೆ ಹರಿದಿಲ್ಲ ಎಂದರೂ ಬಟ್ಟೆ ಸರಿಸಿ ಬೆಳಕಿನಲ್ಲಿ ಚರ್ಮ ನೋಡಲೇಬೇಕು.

ನಮ್ಮ ಹಳ್ಳಿಗಳಲ್ಲಿ ಮೂರನೇ ವರ್ಗಕ್ಕೆ ಸೇರಿಯೂ ಯಾರ ಗಮನಕ್ಕೂ ಬಾರದ ಇನ್ನೊಂದು ಸನ್ನಿವೇಶವಿದೆ. ಹಸುವೋ ಎಮ್ಮೆಯೋ ಮೇವು ಬಿಟ್ಟು ಜೊಲ್ಲು ಸುರಿಸುತ್ತ ನಿಂತಿರುತ್ತದೆ, ನುಂಗಲು ಆಗುತ್ತಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಮನೆಯವರು ಬಾಯೊಳಗೆ ಕೈಹಾಕಿ ತಡಕುತ್ತಾರೆ, ಗೊಟ್ಟದಲ್ಲಿ ಔಷಧಿ ಕುಡಿಸುತ್ತಾರೆ. ರೇಬೀಸಿನಲ್ಲಿ ಗಂಟಲಿನ ಸ್ನಾಯು ಸೋತು ನುಂಗಲಾಗದೆ ಹೀಗೇ ಆಗುತ್ತದೆ. ಹೊಲದ ಕೆಲಸ ಮಾಡುವ ಕೈಯಲ್ಲಿ ಬಿರುಕು, ಮುಳ್ಳು ಗೀರಿದ ಗಾಯ ಇಲ್ಲದೆ ಇರುವುದು ಅಪರೂಪ. ಆ ಕೈಗೆ ಜೊಲ್ಲು ಮೆತ್ತಿದರೆ ಅದು ಕಡಿತದಷ್ಟೇ ಗಂಭೀರ. ಇಂಥ ಹಸು ಸತ್ತ ಮೇಲೆ ಊರೆಲ್ಲ ಅದರ ಹಾಲು ಕುಡಿದದ್ದಕ್ಕೆ ಹೆದರಿ ಆಸ್ಪತ್ರೆಗೆ ಹೋಗುತ್ತದೆ. ಕಾಯಿಸಿದ ಹಾಲಿನಿಂದ ರೇಬೀಸ್ ಬರುವುದಿಲ್ಲ. ಬಾಯಿಗೆ ಕೈಹಾಕಿದ ಒಬ್ಬ ವ್ಯಕ್ತಿ ಮಾತ್ರ ಆ ಗದ್ದಲದಲ್ಲಿ ಮರೆತುಹೋಗುತ್ತಾನೆ, ಮೊದಲು ಹುಡುಕಬೇಕಾದದ್ದು ಅವನನ್ನು.

ಬೆಕ್ಕು, ಕೋತಿ, ಮುಂಗುಸಿ, ನರಿ ಕಚ್ಚಿದರೂ ಇದೇ ವರ್ಗೀಕರಣ. ಮನೆಯ ಇಲಿ ಕಚ್ಚಿದರೆ ಸಾಮಾನ್ಯವಾಗಿ ರೇಬೀಸ್ ಲಸಿಕೆ ಬೇಕಾಗುವುದಿಲ್ಲ. ಎಚ್‌ಐವಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹೀಗೆ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಎರಡನೇ ವರ್ಗದ ಗಾಯವಾದರೂ ಸೀರಮ್ ಕೊಡುತ್ತಾರೆ. ಲಸಿಕೆಗೆ ಅವರ ದೇಹ ಸರಿಯಾಗಿ ಸ್ಪಂದಿಸದೆ ಇರಬಹುದು, ಆದ್ದರಿಂದ ಈ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು.

ಒಂದು ಮಗು, ನಾಲ್ಕು ಗಾಯ

ಲೆಕ್ಕ ಸ್ಪಷ್ಟವಾಗಲು ಒಂದು ಸಂದರ್ಭ ಇಟ್ಟುಕೊಳ್ಳೋಣ. ಆರು ವರ್ಷದ ಮಗು, ತೂಕ 18 ಕಿಲೋ. ಸೋಮವಾರ ಸಂಜೆ ಬೀದಿನಾಯಿ ಎರಗಿ ಕೆನ್ನೆ ಹರಿದಿದೆ, ಮೇಲ್ದುಟಿಯ ಪಕ್ಕ ಒಂದು ಹಲ್ಲಿನ ತೂತು, ಬಲಗೈಯ ತೋರುಬೆರಳಿನಲ್ಲಿ ಎರಡು ತೂತು. ನಾಯಿ ಓಡಿಹೋಗಿದೆ. ಮಗುವಿಗೆ ಹಿಂದೆ ರೇಬೀಸ್ ಲಸಿಕೆ ಆಗಿಲ್ಲ.

ಹದಿನೈದು ನಿಮಿಷ ತೊಳೆದಾದ ಮೇಲೆ ಲಸಿಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ ಕೊಡುವ ಪದ್ಧತಿ ಇದೆ. ಒಂದೊಂದು ತೋಳಿನ ಮೇಲ್ಭಾಗಕ್ಕೆ 0.1 ಮಿಲಿಯಂತೆ ಎರಡು ಚುಚ್ಚು, ಇದನ್ನು 0, 3, 7 ಮತ್ತು 28ನೇ ದಿನ ಕೊಡಬೇಕು. ಸೊನ್ನೆಯ ದಿನ ಎಂದರೆ ಮೊದಲ ಲಸಿಕೆ ಬಿದ್ದ ದಿನ, ಕಚ್ಚಿದ ದಿನವಲ್ಲ. ಈ ಮಗುವಿಗೆ ಇಂದು ಸೋಮವಾರ ಒಂದು, ಗುರುವಾರ ಒಂದು, ಮುಂದಿನ ಸೋಮವಾರ ಒಂದು, ಅಲ್ಲಿಂದ ಮೂರು ವಾರ ಬಿಟ್ಟು ಮತ್ತೊಂದು ಸೋಮವಾರ ಕೊನೆಯದು. ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮಾಂಸಖಂಡಕ್ಕೆ ಒಂದು ಪೂರ್ತಿ ವಯಲ್ ಕೊಡುತ್ತಾರೆ, ಆಗ 0, 3, 7, 14, 28 ಎಂದು ಐದು ಸಲ. ಎರಡೂ ಪದ್ಧತಿ ಸರಿಯೇ. ಲಸಿಕೆಯ ಪ್ರಮಾಣ ಮಗುವಿಗೂ ಅಜ್ಜನಿಗೂ ಒಂದೇ, ತೂಕಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಹಳೆಯ ಸೆಂಪಲ್ ಲಸಿಕೆಯ ಕಾಲದ್ದು. ಕುರಿಯ ಮಿದುಳಿನ ಅಂಗಾಂಶದಿಂದ ಮಾಡುತ್ತಿದ್ದ ಆ ಲಸಿಕೆಯನ್ನು ಭಾರತದಲ್ಲಿ 2004ರ ಕೊನೆಗೆ ನಿಲ್ಲಿಸಲಾಯಿತು.

ಚರ್ಮದೊಳಗಿನ ಚುಚ್ಚು ಸರಿಯಾಗಿ ಬಿದ್ದಿದೆಯೇ ಎಂದು ಬರಿಗಣ್ಣಿಗೇ ತಿಳಿಯುತ್ತದೆ. ಸೂಜಿ ಚರ್ಮಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹೋಗಬೇಕು, ಮದ್ದು ಒಳಹೋಗುವಾಗ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿಯಿರುವ ಒಂದು ಬಿಳಿ ಗುಳ್ಳೆ ಏಳಬೇಕು. ಗುಳ್ಳೆ ಏಳದಿದ್ದರೆ ಮದ್ದು ಆಳಕ್ಕೆ ಇಳಿದಿದೆ ಎಂದರ್ಥ, ಪಕ್ಕದಲ್ಲಿ ಇನ್ನೊಂದು ಸಲ ಚುಚ್ಚಬೇಕು. ಇದಕ್ಕೆ ಇನ್ಸುಲಿನ್ ಸಿರಿಂಜ್ ಬಳಸುವಾಗ ಗೆರೆ ಎಣಿಸುವುದರಲ್ಲಿ ತಪ್ಪಾಗುವುದುಂಟು. 40 ಯೂನಿಟ್‌ನ ಸಿರಿಂಜಿನಲ್ಲಿ 0.1 ಮಿಲಿ ಎಂದರೆ 4 ಯೂನಿಟ್, 100 ಯೂನಿಟ್‌ನದರಲ್ಲಿ 10 ಯೂನಿಟ್. ಮೊದಲನೆಯದರ ಅಭ್ಯಾಸದಲ್ಲಿ ಎರಡನೆಯದರಲ್ಲೂ 4 ಯೂನಿಟ್ ತೆಗೆದರೆ ಅರ್ಧಕ್ಕಿಂತ ಕಡಿಮೆ ಮದ್ದು ಹೋಗುತ್ತದೆ. ತೆರೆದ ವಯಲನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು ಆರೆಂಟು ಗಂಟೆಯೊಳಗೆ ಮುಗಿಸಬೇಕು, ಮರುದಿನಕ್ಕೆ ಇಡುವಂತಿಲ್ಲ. ಮಾಂಸಖಂಡಕ್ಕೆ ಕೊಡುವುದಾದರೆ ದೊಡ್ಡವರಿಗೆ ತೋಳು, ಕೂಸುಗಳಿಗೆ ತೊಡೆಯ ಮುಂಭಾಗದ ಹೊರಮಗ್ಗುಲು. ಪೃಷ್ಠಕ್ಕೆ ಮಾತ್ರ ಯಾವತ್ತೂ ಕೂಡದು, ಅಲ್ಲಿನ ಕೊಬ್ಬಿನ ಪದರದಲ್ಲಿ ಲಸಿಕೆ ಉಳಿದು ಪ್ರತಿಕಾಯ ಸರಿಯಾಗಿ ಹುಟ್ಟುವುದಿಲ್ಲ.

ಇನ್ನು ಸೀರಮ್. ಇದು ಬೇರೆಡೆ ತಯಾರಾದ ಸಿದ್ಧ ಪ್ರತಿಕಾಯ, ದೇಹ ಏನನ್ನೂ ಮಾಡಬೇಕಾಗಿಲ್ಲ, ಚುಚ್ಚಿದ ಜಾಗದಲ್ಲಿ ಆ ಕ್ಷಣವೇ ವೈರಸ್ಸಿಗೆ ಅಂಟಿಕೊಂಡು ಅದು ನರ ಹೊಗದಂತೆ ತಡೆಯುತ್ತದೆ. ಕುದುರೆಯಿಂದ ಪಡೆದದ್ದಾದರೆ ಕಿಲೋಗೆ 40 ಯೂನಿಟ್, ಮನುಷ್ಯರ ರಕ್ತದಿಂದ ಪಡೆದದ್ದಾದರೆ ಕಿಲೋಗೆ 20 ಯೂನಿಟ್. ನಮ್ಮ ಮಗುವಿಗೆ ಕುದುರೆಯ ಸೀರಮ್ 18 × 40 = 720 ಯೂನಿಟ್ ಬೇಕು. ವಯಲ್ ಮೇಲೆ ಪ್ರತಿ ಮಿಲಿಗೆ 300 ಯೂನಿಟ್ ಎಂದಿದ್ದರೆ 2.4 ಮಿಲಿ. ಮನುಷ್ಯ ಮೂಲದ್ದು 360 ಯೂನಿಟ್, ಮಿಲಿಗೆ 150 ಯೂನಿಟ್ ಇದ್ದರೆ ಅದೂ 2.4 ಮಿಲಿ. ಪ್ರಯೋಗಾಲಯದಲ್ಲಿ ತಯಾರಿಸಿದ ಮೊನೊಕ್ಲೋನಲ್ ಪ್ರತಿಕಾಯಗಳೂ ಈಗ ಭಾರತದಲ್ಲಿ ಸಿಗುತ್ತವೆ. ಅವುಗಳ ಯೂನಿಟ್ ಲೆಕ್ಕ ಉತ್ಪನ್ನದಿಂದ ಉತ್ಪನ್ನಕ್ಕೆ ಬೇರೆ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಕುವಂತಿಲ್ಲ. ತೂಕಕ್ಕೆ ಬಂದ ಲೆಕ್ಕಕ್ಕಿಂತ ಹೆಚ್ಚು ಕೊಡಲೂ ಬಾರದು. ಹೆಚ್ಚಾದ ಸೀರಮ್ ಲಸಿಕೆಯಿಂದ ಹುಟ್ಟಬೇಕಾದ ಪ್ರತಿಕಾಯವನ್ನು ಕುಗ್ಗಿಸುತ್ತದೆ. ಆದ್ದರಿಂದ ಮಗುವನ್ನು ತೂಗಬೇಕು, ಅಂದಾಜಿಗೆ ಹೇಳಬಾರದು.

ಈ 2.4 ಮಿಲಿ ಹೋಗಬೇಕಾದದ್ದು ಗಾಯಗಳ ಒಳಕ್ಕೆ ಮತ್ತು ಅಂಚಿನ ಸುತ್ತ. ಕೆನ್ನೆಯ ಹರಿದ ಅಂಚಿನುದ್ದಕ್ಕೂ ಸಣ್ಣ ಸೂಜಿಯಿಂದ ಸ್ವಲ್ಪ ಸ್ವಲ್ಪವಾಗಿ ಹೆಚ್ಚುಕಡಿಮೆ ಒಂದು ಮಿಲಿ, ತುಟಿಯ ಪಕ್ಕದ ತೂತಿಗೆ ಅರ್ಧ ಮಿಲಿ, ಬೆರಳಿನ ಎರಡು ತೂತಿಗೆ ಅದು ಹಿಡಿಯುವಷ್ಟು. ಬೆರಳಿನಲ್ಲಿ ಜಾಗ ಕಡಿಮೆ, ಒತ್ತಿ ತುಂಬಿದರೆ ರಕ್ತಸಂಚಾರ ನಿಂತು ಬೆರಳಿಗೇ ಅಪಾಯ, ಹಾಗಾಗಿ ಚರ್ಮ ಬಿಗಿದು ಬಿಳಿಚಿಕೊಳ್ಳುತ್ತಿದ್ದಂತೆ ನಿಲ್ಲಿಸಬೇಕು. ಹತ್ತು ಹದಿನೈದು ಗಾಯಗಳಿದ್ದು ಲೆಕ್ಕದ ಮದ್ದು ಎಲ್ಲಕ್ಕೂ ಸಾಲದಿದ್ದರೆ ನಾರ್ಮಲ್ ಸಲೈನ್ ಬೆರೆಸಿ ಎರಡು ಮೂರು ಪಟ್ಟು ಮಾಡಿಕೊಂಡು ಎಲ್ಲ ಗಾಯಕ್ಕೂ ತಲುಪಿಸಬೇಕು. ಒಂದೇ ಒಂದು ಗಾಯ ಬಿಟ್ಟುಹೋದರೂ ವೈರಸ್ಸಿಗೆ ದಾರಿ ತೆರೆದಿಟ್ಟಂತೆ. ತಲೆಗೂದಲಿನ ಮರೆಯ ಗಾಯ, ಕಿವಿಯ ಹಿಂದಿನ ಗೀರು ತಪ್ಪಿಹೋಗುವುದು ಹೆಚ್ಚು, ಅದಕ್ಕೇ ಮಗುವಿನ ಬಟ್ಟೆ ತೆಗೆಸಿ ಕೂದಲು ಬಿಡಿಸಿ ನೋಡಬೇಕು.

ಗಾಯಕ್ಕೆ ಕೊಟ್ಟು ಮಿಕ್ಕಿದ್ದನ್ನು ಹಿಂದೆ ತೊಡೆಗೋ ಪೃಷ್ಠಕ್ಕೋ ಚುಚ್ಚುತ್ತಿದ್ದರು. 2018ರಿಂದ ವಿಶ್ವ ಆರೋಗ್ಯ ಸಂಸ್ಥೆ ಅದರ ಅಗತ್ಯವಿಲ್ಲ ಎಂದಿದೆ, ದೂರದ ಮಾಂಸಖಂಡಕ್ಕೆ ಕೊಟ್ಟ ಸೀರಮ್ ಗಾಯದ ಜಾಗಕ್ಕೆ ತಲುಪುವುದು ತೀರಾ ಅತ್ಯಲ್ಪ. ಈ ಬದಲಾವಣೆಯ ಹಿಂದೆ ನಮ್ಮವರ ಕೆಲಸವೂ ಇದೆ. ಸೀರಮ್ಮಿನ ಕೊರತೆಯಿದ್ದಾಗ ಗಾಯಕ್ಕೆ ಮಾತ್ರ ಕೊಟ್ಟು ಫಲ ಕಂಡ ಶಿಮ್ಲಾದ ಡಾ. ಓಮೇಶ್ ಭಾರತಿ, ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಸ್.ಎನ್. ಮಧುಸೂದನ ಮುಂತಾದವರು ಸೇರಿ ಆ ಅನುಭವವನ್ನು ಪ್ರಕಟಿಸಿದ್ದರು. ಮಿಕ್ಕ ಮದ್ದನ್ನು ಶುಚಿಯಾಗಿ ಪ್ರತ್ಯೇಕ ಸಿರಿಂಜಿಗೆ ತೆಗೆದಿಟ್ಟರೆ ಅದೇ ದಿನ ಬರುವ ಇನ್ನೊಬ್ಬ ರೋಗಿಗೆ ಆಗುತ್ತದೆ.

ಹರಿದ ಕೆನ್ನೆಗೆ ಹೊಲಿಗೆ ಬೇಡವೇ ಎಂದು ತಾಯಿತಂದೆ ಕೇಳಿಯೇ ಕೇಳುತ್ತಾರೆ. ಹೊಲಿಗೆಯ ಸೂಜಿ ವೈರಸ್ಸನ್ನು ಇನ್ನಷ್ಟು ಆಳದ ನರತುದಿಗಳಿಗೆ ದಾಟಿಸಬಹುದು, ಆದ್ದರಿಂದ ಸಾಧ್ಯವಾದಷ್ಟು ಹೊಲಿಯುವುದಿಲ್ಲ. ಹೊಲಿಯಲೇಬೇಕಾದಂಥ ದೊಡ್ಡ ಗಾಯವಾದರೆ ಮೊದಲು ಸೀರಮ್ ಕೊಟ್ಟು, ಅದು ಹರಡಲು ಕೆಲವು ಗಂಟೆ ಬಿಟ್ಟು, ಅಂಚು ಕೂಡಿಸುವಷ್ಟು ಮಾತ್ರ ಸಡಿಲವಾಗಿ ಹೊಲಿಯುತ್ತಾರೆ. ಹೊಲಿದು ಬ್ಯಾಂಡೇಜ್ ಹಾಕಿಸಿಕೊಂಡು ಮರುದಿನ ಸೀರಮ್ಮಿಗೆ ಬರುವವರ ಸ್ಥಿತಿ ಇದರ ತಲೆಕೆಳಗು.

ಎಲ್ಲಿ ಕೈತಪ್ಪುತ್ತದೆ

ಗಾಯದೊಳಗೆ ಚುಚ್ಚುವುದು ನೋವಿನ ಕೆಲಸ. ಮಗು ಕಿರುಚುತ್ತದೆ, ನೋಡುವವರಿಗೆ ಸಹಿಸಲಾಗುವುದಿಲ್ಲ. ಆ ಒತ್ತಡದಲ್ಲಿ ಸೀರಮ್ಮನ್ನು ಪೂರ್ತಿಯಾಗಿ ಪೃಷ್ಠಕ್ಕೆ ಚುಚ್ಚಿ ಕಳಿಸುವುದು ನಡೆಯುತ್ತದೆ. ಚೀಟಿಯಲ್ಲಿ ಸೀರಮ್ ಕೊಡಲಾಗಿದೆ ಎಂದೇ ಇರುತ್ತದೆ, ಗಾಯದಲ್ಲಿ ಮಾತ್ರ ಒಂದು ಹನಿಯೂ ಇರುವುದಿಲ್ಲ. ಮಗುವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಈ ಹೊತ್ತಿನಲ್ಲಿ ತಾಯಿತಂದೆ ಮಾಡಬಹುದಾದ ದೊಡ್ಡ ಸಹಾಯ. ಸೀರಮ್ ಎಲ್ಲಿಗೆ ಕೊಟ್ಟಿರಿ ಎಂದು ಕೇಳುವುದು ರೋಗಿಯ ಹಕ್ಕು.

ಕುದುರೆಯ ಸೀರಮ್ಮಿಗೆ ಅಲರ್ಜಿಯಾದೀತು ಎಂಬ ಹೆದರಿಕೆಯಿಂದ ದೊಡ್ಡಾಸ್ಪತ್ರೆಗೆ ಹೋಗಿ ಎನ್ನುವವರೂ ಇದ್ದಾರೆ. ಈಗಿನ ಶುದ್ಧೀಕರಿಸಿದ ಸೀರಮ್ಮಿನಲ್ಲಿ ತೀವ್ರ ಅಲರ್ಜಿ ಅಪರೂಪ. ಅಡ್ರಿನಲಿನ್ ಕೈಗೆ ಸಿಗುವಂತಿಟ್ಟುಕೊಂಡು, ಕೊಟ್ಟ ಮೇಲೆ ಅರ್ಧ ಗಂಟೆ ರೋಗಿಯನ್ನು ಕೂರಿಸಿ ನೋಡಬೇಕು. ಒಂದೆರಡು ವಾರದ ಮೇಲೆ ಕೀಲುನೋವು, ದದ್ದು, ಜ್ವರ ಬಂದರೆ ಅದು ಸೀರಮ್ಮಿನ ಪ್ರತಿಕ್ರಿಯೆಯಿರಬಹುದು, ಚಿಕಿತ್ಸೆಗೆ ಬಗ್ಗುತ್ತದೆ. ಅದಕ್ಕೆ ಹೆದರಿ ಲಸಿಕೆ ನಿಲ್ಲಿಸುವಂತಿಲ್ಲ. ಸೀರಮ್ಮನ್ನೂ ಲಸಿಕೆಯನ್ನೂ ಒಂದೇ ಸಿರಿಂಜಿನಲ್ಲಿ ಬೆರೆಸುವುದಾಗಲಿ ಒಂದೇ ಜಾಗಕ್ಕೆ ಕೊಡುವುದಾಗಲಿ ಮಾಡಿದರೆ ಒಂದು ಇನ್ನೊಂದನ್ನು ಅಲ್ಲೇ ನಿಷ್ಕ್ರಿಯಗೊಳಿಸುತ್ತದೆ.

ಸೀರಮ್ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರುವುದಿಲ್ಲ. ಹಾಗೆಂದು ಲಸಿಕೆಯನ್ನೂ ಪಡೆಯದೆ ನೇರ ದೂರದ ಊರಿಗೆ ಹೊರಡುವುದು ಸರಿಯಲ್ಲ. ತೊಳೆದು, ಹತ್ತಿರದಲ್ಲೇ ಮೊದಲ ಲಸಿಕೆ ಹಾಕಿಸಿಕೊಂಡು, ಸೀರಮ್ ಇದೆಯೇ ಎಂದು ಫೋನ್ ಮಾಡಿ ವಿಚಾರಿಸಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಅವತ್ತೇ ಹೋಗಬೇಕು. ಅವತ್ತು ಸಿಗದಿದ್ದರೆ ಮೊದಲ ಲಸಿಕೆಯಾದ ಏಳು ದಿನದೊಳಗೆ ಕೊಡಬಹುದು. ಅದಾದ ಮೇಲೆ ದೇಹದ ಪ್ರತಿಕಾಯಗಳೇ ಹುಟ್ಟಿರುವುದರಿಂದ ಕೊಡುವುದಿಲ್ಲ. ಏಳು ದಿನವಿದೆಯಲ್ಲ ಎಂದು ಆರಾಮಾಗಿ ಇರುವುದು ಮಾತ್ರ ತಪ್ಪು, ಕೆನ್ನೆಯ ಗಾಯಕ್ಕೆ ಒಂದೊಂದು ದಿನವೂ ತುಟ್ಟಿ.

ತೀರಾ ಸಾಮಾನ್ಯವಾದ ತಪ್ಪು ಟಿಟಿ ಇಂಜೆಕ್ಷನ್‌ನದು. ನಾಯಿ ಕಚ್ಚಿತ್ತು, ಇಂಜೆಕ್ಷನ್ ಆಯಿತು ಎನ್ನುವವರ ಚೀಟಿ ನೋಡಿದರೆ ಅದು ಧನುರ್ವಾಯುವಿನದಾಗಿರುತ್ತದೆ. ಅದೂ ಬೇಕಾಗಬಹುದು, ರೇಬೀಸಿಗೂ ಅದಕ್ಕೂ ಸಂಬಂಧವಿಲ್ಲ. ಮೂರನೇ ದಿನದ ಲಸಿಕೆ ಜಾತ್ರೆಗೋ ಪರೀಕ್ಷೆಗೋ ತಪ್ಪಿಹೋದರೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ, ನೆನಪಾದ ದಿನವೇ ಹಾಕಿಸಿ ಉಳಿದದ್ದನ್ನು ಅದೇ ಅಂತರದಲ್ಲಿ ಮುಂದುವರಿಸಬೇಕು. ಬಸುರಿ, ಬಾಣಂತಿ, ಹಸುಗೂಸು ಯಾರಿಗೂ ಈ ಲಸಿಕೆ ನಿಷಿದ್ಧವಲ್ಲ. ಪಥ್ಯವೂ ಇಲ್ಲ. ಬದನೆಕಾಯಿ, ಮಾಂಸ ಬಿಡಬೇಕೆಂಬ ಮಾತಿಗೆ ಆಧಾರವಿಲ್ಲ.

ನಾಯಿಯ ಹತ್ತು ದಿನ

ರೇಬೀಸ್ ತಗುಲಿದ ನಾಯಿ ಅಥವಾ ಬೆಕ್ಕಿನ ಜೊಲ್ಲಿನಲ್ಲಿ ವೈರಸ್ ಬರುವುದು ಅದಕ್ಕೆ ಕಾಯಿಲೆ ಕಾಣಿಸಿಕೊಳ್ಳುವ ಕೆಲವೇ ದಿನ ಮುಂಚಿನಿಂದ, ಕಾಣಿಸಿಕೊಂಡ ಮೇಲೆ ಅದು ಬೇಗ ಸಾಯುತ್ತದೆ. ಹಾಗಾಗಿ ಕಚ್ಚಿದ ಹತ್ತು ದಿನದ ಮೇಲೂ ಪ್ರಾಣಿ ಆರೋಗ್ಯವಾಗಿ ತಿಂದುಂಡು ಓಡಾಡಿಕೊಂಡಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ಹೇಳಬಹುದು. ಈ ನಿಯಮ ನಾಯಿ, ಬೆಕ್ಕಿಗೆ ಮಾತ್ರ. ಕೋತಿಗೆ, ಹಸುವಿಗೆ ಇದನ್ನು ಹಚ್ಚುವಂತಿಲ್ಲ.

ಇದನ್ನು ಜನ ತಿರುಗಿಸಿ ಅರ್ಥಮಾಡಿಕೊಂಡಿದ್ದಾರೆ. ಹತ್ತು ದಿನ ನಾಯಿ ನೋಡೋಣ, ಸತ್ತರೆ ಲಸಿಕೆ ಹಾಕಿಸೋಣ ಎನ್ನುತ್ತಾರೆ. ಎಂಟನೇ ದಿನ ನಾಯಿ ಸತ್ತರೆ ಗಾಯದಲ್ಲಿ ವೈರಸ್ಸಿಗೆ ಎಂಟು ದಿನ ಬಿಟ್ಟುಕೊಟ್ಟಂತಾಯಿತು. ಚಿಕಿತ್ಸೆ ಅವತ್ತೇ ಶುರುವಾಗಬೇಕು, ನಾಯಿಯ ಮೇಲೆ ಕಣ್ಣಿಡುವುದು ಅದರ ಜೊತೆಜೊತೆಗೆ ನಡೆಯಲಿ. ಹತ್ತು ದಿನ ಕಳೆದೂ ನಾಯಿ ಚೆನ್ನಾಗಿದ್ದರೆ ಅಷ್ಟರಲ್ಲಿ 0, 3, 7ರ ಲಸಿಕೆ ಮುಗಿದಿರುತ್ತದೆ, ವೈದ್ಯರು ಉಳಿದದ್ದನ್ನು ನಿಲ್ಲಿಸಬಹುದು. ಪಡೆದ ಲಸಿಕೆ ವ್ಯರ್ಥವಾಗುವುದಿಲ್ಲ, ಮುಂದಿನ ಸಲಕ್ಕೆ ಮುಂಗಡ ರಕ್ಷಣೆಯಾಗಿ ಉಳಿಯುತ್ತದೆ. ಸಾಕಿದ ನಾಯಿಗೆ ಲಸಿಕೆ ಆಗಿದೆ ಎಂಬ ಕಾರಣಕ್ಕೆ ಚಿಕಿತ್ಸೆ ಬಿಡುವುದೂ ಸರಿಯಲ್ಲ, ಆ ಲಸಿಕೆ ಸರಿಯಾಗಿ ಶೇಖರಿಸಿದ್ದೋ, ನಾಯಿಯಲ್ಲಿ ಕೆಲಸ ಮಾಡಿದೆಯೋ ಎಂದು ಆ ಹೊತ್ತಿನಲ್ಲಿ ತಿಳಿಯುವ ದಾರಿಯಿಲ್ಲ.

ಹಿಂದೆ ಪೂರ್ತಿ ಲಸಿಕೆ ಪಡೆದು ಚೀಟಿ ಇಟ್ಟುಕೊಂಡಿರುವವರಿಗೆ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನ ಎರಡು ಲಸಿಕೆ ಸಾಕು, ಗಾಯ ಮೂರನೇ ವರ್ಗದ್ದಾದರೂ ಸೀರಮ್ ಬೇಡ. ಅವರ ದೇಹಕ್ಕೆ ವೈರಸ್ಸಿನ ಪರಿಚಯ ಆಗಲೇ ಇರುವುದರಿಂದ ಪ್ರತಿಕಾಯ ಬೇಗ ಏಳುತ್ತದೆ. ಆ ಚೀಟಿಯ ಒಂದು ಫೋಟೋ ಮೊಬೈಲಿನಲ್ಲಿದ್ದರೆ ನಡುರಾತ್ರಿ ಸೀರಮ್ ಹುಡುಕುವ ಅಲೆದಾಟ ತಪ್ಪುತ್ತದೆ. ಹದಿನೈದು ನಿಮಿಷ ತೊಳೆಯುವುದಕ್ಕೆ ಮಾತ್ರ ಅವರಿಗೂ ವಿನಾಯಿತಿ ಇಲ್ಲ.

ಎರಡು ತಿಂಗಳ ಹಿಂದೆ ಕಚ್ಚಿತ್ತು, ಆಗ ಏನೂ ಮಾಡಿಸಲಿಲ್ಲ, ಈಗ ಹೋದರೆ ಬೈಯುತ್ತಾರೇನೋ ಎಂದು ಸುಮ್ಮನಿರುವವರು ಇದ್ದಾರೆ. ಲಕ್ಷಣ ಕಾಣಿಸಿಕೊಳ್ಳದಿರುವವರೆಗೆ ತಡವಾಯಿತು ಎಂಬ ಗಡುವು ಇಲ್ಲ. ವೈರಸ್ ಇನ್ನೂ ಗಾಯದ ಬಳಿಯೇ ಇರಬಹುದು. ಇವತ್ತು ಕಚ್ಚಿದೆ ಎಂದೇ ಲೆಕ್ಕಹಿಡಿದು ವರ್ಗ ನಿರ್ಧರಿಸಿ ಇಂದಿನಿಂದ ಲಸಿಕೆ ಶುರುಮಾಡುತ್ತಾರೆ. ಮೂರನೇ ವರ್ಗದ್ದಾದರೆ, ಗಾಯ ಮಾಗಿ ಕಲೆಯಷ್ಟೇ ಉಳಿದಿದ್ದರೂ, ಆ ಕಲೆಯ ಸುತ್ತ ಸೀರಮ್ ಕೊಡುತ್ತಾರೆ.